ಪುಪ್ಪುಸಕ ಅಪಧಮನಿ ಯಾವ ಕೋಣೆಯಿಂದ ಹೊರಡುತ್ತದೆ? ಹೃದಯದ ಚಿತ್ರಕ್ಕೆ ಕೆಂಪು ಪ್ರಶ್ನಾರ್ಥಕ ಬಿದ್ದಿದೆ

ಸಿಂಚನ10

ಎಲ್ಲರಿಗೂ ನಮಸ್ತೆ. ಹತ್ತನೇ ಕ್ಲಾಸಿನ ಜೀವಶಾಸ್ತ್ರ ನೋಟ್‌ಬುಕ್‌ಗೆ ಹೃದಯದ ನೀಳಛೇದ ಬರೆದಿದ್ದೆ. ನಾಲ್ಕು ಕೋಣೆ ಸರಿ ಇವೆ, ಹೆಸರುಗಳೂ ಸರಿ ಇವೆ. ಚಿತ್ರದಲ್ಲಿ ಹೃದಯ ನಮ್ಮ ಕಡೆ ಮುಖ ಮಾಡಿರುತ್ತದೆ, ಅದಕ್ಕೇ ಹಾಳೆಯ ಬಲಗಡೆ ಇರುವುದು ಹೃದಯದ ಎಡಭಾಗ ಅನ್ನುವುದೂ ಗೊತ್ತು. ಆದರೆ ಮೇಲಿನ ಎರಡು ದೊಡ್ಡ ನಾಳಗಳ ಬುಡಕ್ಕೆ ಮಿಸ್ ಕೆಂಪು ಪೆನ್ನಿನಲ್ಲಿ ಪ್ರಶ್ನಾರ್ಥಕ ಹಾಕಿದ್ದಾರೆ. ಬೇರೇನೂ ಬರೆದಿಲ್ಲ.

ನಾನು ಬರೆದಿರುವುದು ಹೀಗೆ: ಬಲ ಹೃತ್ಕುಕ್ಷಿಯ ಮೇಲಿಂದ ಮಹಾಪಧಮನಿ, ಎಡ ಹೃತ್ಕುಕ್ಷಿಯ ಮೇಲಿಂದ ಪುಪ್ಪುಸಕ ಅಪಧಮನಿ. ಸುಮ್ನೆ ಊಹೆ ಮಾಡಿ ಬರೆದದ್ದಲ್ಲ, ಅಚ್ಚಾದ ಚಿತ್ರ ನೋಡಿಕೊಂಡೇ ಬರೆದೆ. ಅದರಲ್ಲಿ ಪುಪ್ಪುಸಕ ಅಪಧಮನಿ ಎಡಗಡೆಗೇ ವಾಲಿದೆ. ಕೆಳಗಿನ ವಿವರಣೆಯಲ್ಲಿ ಮಾತ್ರ ಅದು ಬಲ ಹೃತ್ಕುಕ್ಷಿಯಿಂದ ಹೊರಡುತ್ತದೆ ಅಂತಿದೆ. ಚಿತ್ರ ನಂಬಬೇಕೋ, ವಿವರಣೆ ನಂಬಬೇಕೋ?

ಪವನ್22

ವಿವರಣೆ ನಂಬು. ಸಿಂಪಲ್ ರೂಲ್ ಇದೆ. ಬಲಗಡೆ ಕೆಟ್ಟ ರಕ್ತ, ಎಡಗಡೆ ಒಳ್ಳೆ ರಕ್ತ. ಅಪಧಮನಿಯಲ್ಲಿ ಒಳ್ಳೆ ರಕ್ತ, ಅಭಿಧಮನಿಯಲ್ಲಿ ಕೆಟ್ಟ ರಕ್ತ. ಮೊದಲು ಬಲಭಾಗ ಬಡಿಯುತ್ತದೆ, ರಕ್ತ ಶ್ವಾಸಕೋಶಕ್ಕೆ ಹೋಗಿ ಬರುತ್ತದೆ, ಆಮೇಲೆ ಎಡಭಾಗ ಬಡಿಯುತ್ತದೆ. "ಲಬ್ ಡಬ್" ಅಂದರೆ ಅದೇ. ಇಷ್ಟು ನೆನಪಿಟ್ಟರೆ ಸಾಕು.

ಗಿರೀಶ_ಜೀವಶಾಸ್ತ್ರ

ಪವನ್, ನಿಮ್ಮ ರೂಲಿನ ಮೊದಲ ಸಾಲು ಪರವಾಗಿಲ್ಲ. ಎರಡನೆಯದು ಈ ಹುಡುಗಿ ಕೇಳುತ್ತಿರುವ ನಾಳದ ವಿಷಯದಲ್ಲೇ ಕೈಕೊಡುತ್ತದೆ. ಹೃದಯದಿಂದ ಹೊರಗೆ ಹೋಗುವುದು ಅಪಧಮನಿ, ಹೃದಯಕ್ಕೆ ವಾಪಸ್ ಬರುವುದು ಅಭಿಧಮನಿ. ಒಳಗೆ ಎಂಥ ರಕ್ತ ಇದೆ ಅನ್ನುವುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತ. ಮೂರನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಸಿಂಚನಾ, ಯಾವುದನ್ನು ನಂಬಬೇಕು ಅಂತ ನಾನು ಹೇಳುವ ಬದಲು ನೀನೇ ನೋಡು. ನೀನು ಬರೆದ ಚಿತ್ರದ ಮೇಲೆ ಬೆರಳಿಡು. ಕೆಳಗಿನ ಮಹಾ ಅಭಿಧಮನಿಯಿಂದ ಶುರು ಮಾಡು. ನಿನ್ನ ಚಿತ್ರ ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೇ ಹೋಗು. ವಿವರಣೆ ಓದಬೇಡ. ಬೆರಳು ಎಲ್ಲೆಲ್ಲಿ ಹೋಯಿತು ಅಂತ ಇಲ್ಲಿ ಬರಿ.

ಸಿಂಚನ10

ಸರಿ ಸರ್. ಕೆಳಗಿನ ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಮಹಾಪಧಮನಿ, ಮೈಯೆಲ್ಲಾ, ಮತ್ತೆ ಮಹಾ ಅಭಿಧಮನಿ.

ಅಯ್ಯೋ, ಶ್ವಾಸಕೋಶ ಬರಲೇ ಇಲ್ಲ!

ಇನ್ನೊಂದು ಕಡೆಯೂ ನೋಡಿದೆ. ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಮತ್ತೆ ಪುಪ್ಪುಸಕ ಅಭಿಧಮನಿ. ಇದು ಶ್ವಾಸಕೋಶ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಎರಡು ಬೇರೆ ಬೇರೆ ಸುತ್ತು ಆಗಿಬಿಟ್ಟಿವೆ.

ಗಿರೀಶ_ಜೀವಶಾಸ್ತ್ರ

ಅಷ್ಟೇ. ಒಂದು ಸುತ್ತಿನಲ್ಲಿ ಆಮ್ಲಜನಕ ಸೇರುವುದೇ ಇಲ್ಲ. ಇನ್ನೊಂದರಲ್ಲಿ ಸೇರಿದ ಆಮ್ಲಜನಕ ಮೈಗೆ ತಲುಪುವುದೇ ಇಲ್ಲ. ಇಮ್ಮಡಿ ಪರಿಚಲನೆ ಅಂದರೆ ಎರಡು ಸುತ್ತು ನಿಜ, ಆದರೆ ಒಂದರ ಕೊನೆ ಇನ್ನೊಂದರ ಮೊದಲಿಗೆ ಸೇರಬೇಕು. ಆಗ ಒಂದೇ ರಕ್ತ ಮೈಯನ್ನು ಒಂದು ಸಲ ಸುತ್ತುವಷ್ಟರಲ್ಲಿ ಹೃದಯವನ್ನು ಎರಡು ಸಲ ದಾಟುತ್ತದೆ.

ಎಕೋರೂಮ್

ನಾನು ಎಕೋ ಟೆಕ್ನೀಷಿಯನ್. ಸಿಂಚನಾ ಬರೆದಿರುವಂಥ ಹೃದಯವನ್ನು ಪರದೆ ಮೇಲೆ ನಿಜವಾಗಿಯೂ ನೋಡುತ್ತೇವೆ. ಕೆಲವು ಮಕ್ಕಳು ಹುಟ್ಟುವುದೇ ಹೀಗೆ. ಎರಡು ಮಹಾನಾಳಗಳು ಅದಲುಬದಲಾಗಿರುತ್ತವೆ, ಮಹಾಪಧಮನಿ ಬಲ ಹೃತ್ಕುಕ್ಷಿಯಿಂದ, ಪುಪ್ಪುಸಕ ಅಪಧಮನಿ ಎಡ ಹೃತ್ಕುಕ್ಷಿಯಿಂದ. ಹೊಟ್ಟೆಯಲ್ಲಿರುವಾಗ ಮಗುವಿಗೆ ತೊಂದರೆ ಆಗುವುದಿಲ್ಲ, ಯಾಕೆಂದರೆ ಆಗ ಆಮ್ಲಜನಕ ಬರುವುದು ತಾಯಿಯಿಂದ, ಮಗುವಿನ ಶ್ವಾಸಕೋಶದಿಂದ ಅಲ್ಲ. ಹುಟ್ಟಿದ ಮೇಲೆ ತುಟಿ, ನಾಲಿಗೆ ನೀಲಿಗಟ್ಟುತ್ತವೆ. ಆಮ್ಲಜನಕದ ಮಾಸ್ಕ್ ಹಾಕಿದರೂ ಬಣ್ಣ ಅಷ್ಟಾಗಿ ತಿರುಗುವುದಿಲ್ಲ. ಬೆರಳಿಟ್ಟು ನೋಡಿದೆಯಲ್ಲ, ಕಾರಣ ಅದೇ. ಶ್ವಾಸಕೋಶದಲ್ಲಿ ಎಷ್ಟು ಆಮ್ಲಜನಕ ಸೇರಿದರೂ ಅದು ಅಲ್ಲಲ್ಲೇ ಸುತ್ತುತ್ತಿರುತ್ತದೆ.

ಸಿಂಚನ10

ಹಾಗಾದರೆ ಆ ಮಗು ಬದುಕುವುದು ಹೇಗೆ ಅಕ್ಕ?

ಎಕೋರೂಮ್

ಎರಡು ಸುತ್ತುಗಳ ನಡುವೆ ಎಲ್ಲಾದರೂ ಒಂದು ಕಿಂಡಿ ಇರಬೇಕು. ಹುಟ್ಟುವ ಮುಂಚೆ ಎಲ್ಲ ಮಕ್ಕಳಿಗೂ ಎರಡು ದಾರಿ ಇರುತ್ತವೆ. ಒಂದು, ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತು. ಇನ್ನೊಂದು, ಮಹಾಪಧಮನಿಗೂ ಪುಪ್ಪುಸಕ ಅಪಧಮನಿಗೂ ನಡುವೆ ಪುಟ್ಟ ನಾಳ. ಹುಟ್ಟಿದ ಮೇಲೆ ಇವೆರಡೂ ಮುಚ್ಚಿಕೊಳ್ಳಬೇಕು, ಬೇರೆ ಮಕ್ಕಳಿಗೆ ಅದೇ ಒಳ್ಳೆಯದು. ಈ ಮಗುವಿಗೆ ಮಾತ್ರ ಮುಚ್ಚಿದರೆ ಅಪಾಯ. ಅದಕ್ಕೇ ಆ ನಾಳ ತೆರೆದಿರುವ ಹಾಗೆ ಡ್ರಿಪ್‌ನಲ್ಲಿ ಔಷಧ ಕೊಡುತ್ತಾರೆ. ಬೇಕಿದ್ದರೆ ಬಲೂನ್ ಇರುವ ಸಣ್ಣ ಕೊಳವೆಯನ್ನು ಹೃದಯದೊಳಕ್ಕೆ ಕಳಿಸಿ, ಹೃತ್ಕರ್ಣಗಳ ನಡುವಿನ ತೂತನ್ನು ದೊಡ್ಡದು ಮಾಡುತ್ತಾರೆ. ಅಮೆರಿಕದ ರಶ್ಕಿಂಡ್ ಎಂಬ ವೈದ್ಯರು 1966ರಲ್ಲಿ ಈ ವಿಧಾನ ಪ್ರಕಟಿಸಿದರು. ಆಮೇಲೆ ಆಪರೇಷನ್ ಮಾಡಿ ಎರಡು ನಾಳಗಳನ್ನೂ ಕತ್ತರಿಸಿ ಅದಲುಬದಲು ಮಾಡಿ ಹೊಲಿಯುತ್ತಾರೆ. ಅದು ಮೊದಲು ಗೆದ್ದದ್ದು 1975ರಲ್ಲಿ, ಬ್ರೆಜಿಲ್‌ನ ಜಟೇನೆ ಎಂಬ ಸರ್ಜನ್ ಕೈಯಲ್ಲಿ.

ನಿನ್ನ ನೋಟ್‌ಬುಕ್‌ಗೆ ಬೇಕಾದ್ದು ಇದು: ಸರಿಯಾದ ಹೃದಯದಲ್ಲಿ ಈ ಎರಡು ನಾಳಗಳು ಒಂದನ್ನೊಂದು ದಾಟುತ್ತವೆ. ಅದಲುಬದಲಾದ ಹೃದಯದಲ್ಲಿ ಸಾಮಾನ್ಯವಾಗಿ ದಾಟದೆ ಅಕ್ಕಪಕ್ಕದಲ್ಲೇ ನೇರ ಮೇಲಕ್ಕೆ ಹೋಗುತ್ತವೆ. ಎಕೋದಲ್ಲಿ ನಮಗೆ ಅನುಮಾನ ಹುಟ್ಟಿಸುವ ಗುರುತೇ ಅದು.

ಬಸಣ್ಣ

ನನ್ನದೊಂದು ಪ್ರಶ್ನೆ. ಎರಡು ವರ್ಷದ ಹಿಂದೆ ನನಗೆ ಸ್ಟೆಂಟ್ ಹಾಕಿದ್ದಾರೆ. ಮೊಮ್ಮಗನ ಪುಸ್ತಕದ ಚಿತ್ರದಲ್ಲಿ ಅದು ಎಲ್ಲಿದೆ ಅಂತ ಹುಡುಕಿದೆ. ಬ್ಲಾಕ್ ಆಗಿದ್ದು ಮಹಾಪಧಮನಿಯೋ, ಪುಪ್ಪುಸಕವೋ? ನನ್ನ ರಕ್ತವೂ ಆ ಮಗುವಿನ ಹಾಗೆ ತಿರುಗುತ್ತಿತ್ತಾ?

ಎಕೋರೂಮ್

ಇಲ್ಲ ಬಸಣ್ಣ, ನಿಮ್ಮ ಸುತ್ತು ಸರಿಯಾಗೇ ಇತ್ತು. ಬ್ಲಾಕ್ ಆದದ್ದು ಎರಡೂ ಅಲ್ಲ, ಹೃದಯದ ಗೋಡೆಗೇ ರಕ್ತ ಕೊಡುವ ಸಣ್ಣ ಅಪಧಮನಿಗಳಲ್ಲಿ ಒಂದು. ಮಹಾಪಧಮನಿಯ ಬುಡದಲ್ಲಿ, ಕವಾಟದ ಸ್ವಲ್ಪ ಮೇಲೆ ಅವು ಕವಲೊಡೆದು ಹೃದಯದ ಹೊರಮೈ ಮೇಲೆ ಹರಡುತ್ತವೆ. ನೀಳಛೇದದಲ್ಲಿ ಹೃದಯವನ್ನು ಸೀಳಿ ಒಳಗನ್ನು ತೋರಿಸುತ್ತಾರಲ್ಲ, ಅದಕ್ಕೇ ಆ ಚಿತ್ರದಲ್ಲಿ ಅವು ಕಾಣುವುದಿಲ್ಲ. ಕೋಣೆಯೊಳಗೆ ಅಷ್ಟು ರಕ್ತ ತುಂಬಿದ್ದರೂ ಅದು ದಪ್ಪ ಗೋಡೆಯ ಒಳಕ್ಕೆ ಇಳಿಯುವುದಿಲ್ಲ. ಒಳಗಿನ ತೆಳು ಪದರಕ್ಕೆ ಮಾತ್ರ ಸಿಗುತ್ತದೆ.

ಅಂದ ಹಾಗೆ, ನಾನು ಹೇಳಿದ ಆಪರೇಷನ್‌ನಲ್ಲಿ ಅತಿ ಕಷ್ಟದ ಕೆಲಸವೂ ಈ ಸಣ್ಣ ನಾಳಗಳದ್ದೇ. ಮಹಾಪಧಮನಿಯನ್ನು ಹೊಸ ಜಾಗಕ್ಕೆ ಹೊಲಿದರೆ ಇವನ್ನೂ ಬಿಡಿಸಿ ಹೊಸ ಬುಡಕ್ಕೆ ಜೋಡಿಸಬೇಕು. ಅವು ಎಷ್ಟು ಸಣ್ಣವು ಅಂದರೆ, ಹಸುಗೂಸಿನ ಹೃದಯ ಅಲ್ವಾ.

ಬಸಣ್ಣ

ಅರ್ಥ ಆಯ್ತು ತಾಯಿ. ಸಿಂಚನಾ, ನೀನು ಬರಿಯಮ್ಮ, ನಡುವೆ ಬಾಯಿ ಹಾಕಿದೆ.

ಕುಂಚ_ಮತ್ತು_ಪೆನ್ಸಿಲ್

ಡ್ರಾಯಿಂಗ್ ಕಲಿಸುವವಳು ನಾನು. ಹೃದಯದ ಚಿತ್ರ ತಿದ್ದಿಸಿಕೊಳ್ಳಲು ತುಂಬಾ ಮಕ್ಕಳು ಬರುತ್ತಾರೆ. ಸಿಂಚನಾ ಎಡವಿದ ಜಾಗದಲ್ಲೇ ಎಲ್ಲರೂ ಎಡವುತ್ತಾರೆ, ಯಾಕೆಂದರೆ ಒಂದರ ಹಿಂದೆ ಇನ್ನೊಂದು ಹೋಗುವುದನ್ನು ಚಪ್ಪಟೆ ಹಾಳೆ ಮೇಲೆ ತೋರಿಸಬೇಕು. ಮಕ್ಕಳು ಮೇಲೆ ಕಾಣುವ ಕೊಳವೆಗಳನ್ನು ಮೊದಲು ಬರೆದು, ಆಮೇಲೆ ಕೆಳಗೆ ಹತ್ತಿರ ಯಾವ ಕೋಣೆ ಇದೆಯೋ ಅದಕ್ಕೆ ಅಂಟಿಸುತ್ತಾರೆ. ತಪ್ಪಾಗುವುದೇ ಅಲ್ಲಿ.

ಬುಡದಿಂದ ಶುರು ಮಾಡು. ಮೊದಲು ಬಲ ಹೃತ್ಕುಕ್ಷಿಯ ಮೇಲ್ತುದಿಯಿಂದ ಪುಪ್ಪುಸಕ ಅಪಧಮನಿಯ ಎರಡು ಗೆರೆ ಎಳಿ. ಅದು ನೇರ ಹೋಗಬಾರದು, ಹಾಳೆಯ ಬಲಗಡೆಗೆ ಓರೆಯಾಗಿ ಏರಬೇಕು. ಇದನ್ನು ಎಲ್ಲೂ ಕಡಿಯದೆ ಪೂರ್ತಿ ಬರಿ, ಯಾಕೆಂದರೆ ಬುಡದ ಹತ್ತಿರ ಮುಂದೆ ಇರುವುದು ಇದೇ. ಆಮೇಲೆ ಎಡ ಹೃತ್ಕುಕ್ಷಿಯ ಮೇಲ್ತುದಿಯಿಂದ, ನಡುಗೋಡೆಯ ಪಕ್ಕದಲ್ಲೇ, ಮಹಾಪಧಮನಿ ಶುರು ಮಾಡು. ಅದು ಹಾಳೆಯ ಎಡಗಡೆಗೆ ಓರೆಯಾಗಿ ಏರುತ್ತದೆ. ಪುಪ್ಪುಸಕದ ಗೆರೆ ಮುಟ್ಟಿದ ಕೂಡಲೇ ಪೆನ್ಸಿಲ್ ಎತ್ತು, ಅದರ ಆಚೆ ಬದಿಯಿಂದ ಮುಂದುವರಿಸು. ಹಿಂದೆ ಹೋಯಿತು ಅನ್ನುವುದು ಹಾಗೇ ಗೊತ್ತಾಗುತ್ತದೆ. ಮೇಲೆ ಹೋಗಿ ಕಮಾನಿನ ಹಾಗೆ ಹಾಳೆಯ ಬಲಕ್ಕೆ ಬಾಗಿ ಹೃದಯದ ಹಿಂದೆ ಇಳಿಯುತ್ತದೆ.

ಎಕೋರೂಮ್

ಕುಂಚ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬುಡದಲ್ಲಿ ಪುಪ್ಪುಸಕ ಮುಂದೆ, ಆದರೆ ಮೇಲೆ ಹಾಗಿಲ್ಲ. ಕಮಾನಿನ ಕೆಳಗೆ ಅದು ಎರಡು ಕವಲಾಗುತ್ತದೆ. ಬಲ ಶ್ವಾಸಕೋಶಕ್ಕೆ ಹೋಗುವ ಕವಲು ಏರುತ್ತಿರುವ ಮಹಾಪಧಮನಿಯ ಹಿಂದೆ ಹಾದು ಹೋಗುತ್ತದೆ. ಎರಡೂ ನಾಳಗಳು ಜಡೆಯ ಎರಡು ಎಳೆಗಳ ಹಾಗೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಹಾಗಾಗಿ ಅಲ್ಲಿ ಪುಪ್ಪುಸಕದ ಗೆರೆ ಕಡಿಯಬೇಕು, ಮಹಾಪಧಮನಿಯದ್ದು ಪೂರ್ತಿ ಇರಬೇಕು.

ಯಾವುದು ಯಾವುದು ಅಂತ ಗೊಂದಲವಾದರೆ ಕವಲು ನೋಡು. ಹೊರಟ ಸ್ವಲ್ಪ ದೂರಕ್ಕೇ ಎರಡಾಗಿ ಒಡೆದು ಎರಡು ಪಕ್ಕಕ್ಕೂ ಹೋದರೆ ಅದು ಪುಪ್ಪುಸಕ. ಕಮಾನು ಹಾಕಿ, ಆ ಕಮಾನಿನ ಮೇಲಿಂದ ತಲೆ, ಕೈಗಳ ಕಡೆಗೆ ಕವಲು ಕೊಟ್ಟರೆ ಅದು ಮಹಾಪಧಮನಿ. ನಾವೂ ಹೀಗೇ ಗುರುತಿಸುವುದು.

ಸಿಂಚನ10

ಬೇರೆ ಹಾಳೆಯಲ್ಲಿ ಬರೆದು ನೋಡಿದೆ. ದಾಟುವುದು ಬಂತು. ಈಗ ಇನ್ನೊಂದು ಗೊಂದಲ. ಅಚ್ಚಿನ ಚಿತ್ರದಲ್ಲಿ ಪುಪ್ಪುಸಕ ಅಭಿಧಮನಿಗಳು ಎರಡೂ ಪಕ್ಕದಲ್ಲಿವೆ. ಹಾಳೆಯ ಎಡಗಡೆ ಇರುವವು ಬಲ ಹೃತ್ಕರ್ಣಕ್ಕೇ ಅಂಟಿಕೊಂಡ ಹಾಗಿವೆ. ಅವೂ ಎಡ ಹೃತ್ಕರ್ಣಕ್ಕೇ ಹೋಗಬೇಕಲ್ವಾ?

ಗಿರೀಶ_ಜೀವಶಾಸ್ತ್ರ

ಹೌದು, ನಾಲ್ಕೂ ಎಡ ಹೃತ್ಕರ್ಣಕ್ಕೇ. ಬಲ ಶ್ವಾಸಕೋಶದಿಂದ ಎರಡು, ಎಡದಿಂದ ಎರಡು. ಎಡ ಹೃತ್ಕರ್ಣ ಇರುವುದು ಹೃದಯದ ಹಿಂಬದಿಯಲ್ಲಿ. ಬಲ ಶ್ವಾಸಕೋಶದಿಂದ ಬರುವ ಎರಡು ನಾಳ ಬಲ ಹೃತ್ಕರ್ಣದ ಹಿಂದಿನಿಂದ ಹಾದು ಅಲ್ಲಿಗೆ ಸೇರುತ್ತವೆ. ಮುಂದಿನಿಂದ ನೋಡುವವರಿಗೆ ಅವುಗಳ ತುದಿ ಮಾತ್ರ ಹೊರಗೆ ಚಾಚಿದ ಹಾಗೆ ಕಾಣುತ್ತದೆ. ನೀನು ಬರೆಯುವಾಗ ಆ ತುದಿಗಳನ್ನು ಬಲ ಹೃತ್ಕರ್ಣದ ಗೋಡೆಯ ಹೊರಗೇ ನಿಲ್ಲಿಸು. ಗೋಡೆಯಲ್ಲಿ ಬಾಗಿಲು ಬಿಡಬೇಡ. ಬಲ ಹೃತ್ಕರ್ಣದೊಳಕ್ಕೆ ತೆರೆದುಕೊಳ್ಳುವುದು ಮೇಲಿನ ಮತ್ತು ಕೆಳಗಿನ ಮಹಾ ಅಭಿಧಮನಿಗಳು. ಹೃದಯದ ಗೋಡೆಯದ್ದೇ ರಕ್ತ ತರುವ ಇನ್ನೊಂದು ನಾಳವೂ ಅಲ್ಲಿಗೆ ಸೇರುತ್ತದೆ, ನಿನ್ನ ಚಿತ್ರಕ್ಕೆ ಅದು ಬೇಡ.

ಈಗ ಪವನ್ ಅವರ ಮೂರನೇ ಸಾಲು. ಬಲಭಾಗ ಮೊದಲು, ಎಡಭಾಗ ಆಮೇಲೆ ಅನ್ನುವುದು ಸರಿಯಲ್ಲ. ಎರಡು ಹೃತ್ಕರ್ಣಗಳು ಒಟ್ಟಿಗೇ ಹಿಂಡುತ್ತವೆ, ಆಮೇಲೆ ಎರಡು ಹೃತ್ಕುಕ್ಷಿಗಳು ಒಟ್ಟಿಗೇ ಹಿಂಡುತ್ತವೆ. ಬಲಭಾಗ ಒಂದಿಷ್ಟು ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುವ ಹೊತ್ತಿಗೇ ಎಡಭಾಗ ಬೇರೆ ರಕ್ತವನ್ನು ಮೈಗೆ ತಳ್ಳುತ್ತಿರುತ್ತದೆ. "ಲಬ್" ಅಂದರೆ ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನ ಕವಾಟಗಳು ಮುಚ್ಚುವ ಸದ್ದು, "ಡಬ್" ಅಂದರೆ ಎರಡು ಮಹಾನಾಳಗಳ ಬುಡದ ಕವಾಟಗಳು ಮುಚ್ಚುವ ಸದ್ದು.

ಪವನ್22

ಹಾಗಾದರೆ ಎಲ್ಲರೂ ಚಿತ್ರದ ಮೇಲೆ 1, 2, 3 ಅಂತ ನಂಬರ್ ಯಾಕೆ ಹಾಕುತ್ತಾರೆ? ನಂಬರ್ ನೋಡಿದರೆ ಒಂದಾದ ಮೇಲೆ ಒಂದು ಅಂತಲೇ ಅನ್ನಿಸುತ್ತದೆ. ಮತ್ತೆ, ಎಡ ಹೃತ್ಕುಕ್ಷಿ ಮೈಯೆಲ್ಲಾ ರಕ್ತ ಕಳಿಸಬೇಕು, ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಅಂದ ಮೇಲೆ ಎಡದ್ದು ಜಾಸ್ತಿ ರಕ್ತ ತಳ್ಳಬೇಕು. ಅದಕ್ಕೇ ಅದರ ಗೋಡೆ ದಪ್ಪ. ಇದಾದರೂ ಸರಿ ತಾನೇ?

ಗಿರೀಶ_ಜೀವಶಾಸ್ತ್ರ

ಗೋಡೆ ದಪ್ಪ ಅನ್ನುವುದು ಸರಿ, ಕಾರಣ ಬೇರೆ. ಲೆಕ್ಕ ಹಾಕಿ ನೋಡೋಣ. ದೊಡ್ಡವರ ಹೃದಯ ಸುಮ್ಮನೆ ಕೂತಿದ್ದಾಗ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತ ಅಂದುಕೊಳ್ಳಿ. ಎಡಭಾಗ ಬಲಭಾಗಕ್ಕಿಂತ ಒಂದು ಬಡಿತಕ್ಕೆ ಬರೀ 1 ಮಿಲಿಲೀಟರ್ ಜಾಸ್ತಿ ತಳ್ಳಿತು ಅನ್ನಿ. ನಿಮಿಷಕ್ಕೆ 72 ಮಿಲಿಲೀಟರ್, ಗಂಟೆಗೆ 4,320. ಅಂದರೆ ನಾಲ್ಕು ಲೀಟರಿಗೂ ಮೇಲೆ. ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಶ್ವಾಸಕೋಶದ ಕಡೆ ಅಷ್ಟು ರಕ್ತ ಇರುವುದೇ ಇಲ್ಲ, ಗಂಟೆಯಾಗುವ ಮುಂಚೆಯೇ ಅದು ಬರಿದಾಗುತ್ತದೆ. ಹಾಗಾಗಿ ಎರಡೂ ಕಡೆ ತಳ್ಳುವ ರಕ್ತ ಹೆಚ್ಚುಕಡಿಮೆ ಸಮ ಇರಲೇಬೇಕು.

ವ್ಯತ್ಯಾಸ ಇರುವುದು ಒತ್ತಡದಲ್ಲಿ. ಎಡ ಹೃತ್ಕುಕ್ಷಿ ಹಿಂಡಿದಾಗ ಒತ್ತಡ ಸುಮಾರು 120ಕ್ಕೆ ಏರುತ್ತದೆ, ಬಿಪಿ ನೋಡುವಾಗ ಹೇಳುವ ಮೇಲಿನ ಸಂಖ್ಯೆ ಅದೇ. ಬಲ ಹೃತ್ಕುಕ್ಷಿಯಲ್ಲಿ ಸುಮಾರು 25 ಅಷ್ಟೇ. ಅದಕ್ಕೇ ಎಡಗಡೆ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಬಲದ್ದು ಅದರ ಮೂರನೇ ಒಂದು ಭಾಗದಷ್ಟು. ಸಿಂಚನಾ, ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗಿರಲಿ. ತುಂಬಾ ಜನ ಎರಡನ್ನೂ ಒಂದೇ ದಪ್ಪ ಬರೆಯುತ್ತಾರೆ.

ನಂಬರ್ ವಿಷಯಕ್ಕೆ ಬಂದರೆ, ಅದು ಒಂದು ಹನಿ ರಕ್ತ ಹೋಗುವ ದಾರಿ, ಬಡಿತದ ಸರದಿ ಅಲ್ಲ. ನನಗಂತೂ ನಂಬರ್ ಹಾಕುವುದೇ ಇಷ್ಟ ಇಲ್ಲ. ಬಾಣ ಸಾಕು.

ಕುಂಚ_ಮತ್ತು_ಪೆನ್ಸಿಲ್

ನಾನು ಒಪ್ಪುವುದಿಲ್ಲ ಸರ್. ನಾಳಗಳು ದಾಟುವ ಜಾಗದಲ್ಲಿ ಬಾಣಗಳು ಒಂದರ ಮೇಲೊಂದು ಬಿದ್ದು ಗಲೀಜಾಗುತ್ತವೆ. ಕೋಣೆಯೊಳಗೆ ಒಂದೊಂದು ಪುಟ್ಟ ನಂಬರ್ ಇದ್ದರೆ ವಿವರಣೆ ಓದುವಾಗ ಕಣ್ಣು ನೇರ ಅಲ್ಲಿಗೆ ಹೋಗುತ್ತದೆ.

ಗಿರೀಶ_ಜೀವಶಾಸ್ತ್ರ

ಗಲೀಜಾಗುವುದು ಬಾಣ ಜಾಸ್ತಿ ಹಾಕಿದರೆ ಮಾತ್ರ. ಒಂದು ನಾಳಕ್ಕೆ ಒಂದೇ ಬಾಣ ಸಾಕು. ಹೋಗಲಿ, ಅವರವರ ಇಷ್ಟ.

ಸಿಂಚನ10

ಹೊಸ ವಿವರಣೆ ಬರೆದಿದ್ದೇನೆ. ನೋಡಿ ಹೇಳಿ:

"ಮೈಯಿಂದ ವಾಪಸ್ ಬರುವ ರಕ್ತದಲ್ಲಿ ಆಮ್ಲಜನಕ ಇರುವುದಿಲ್ಲ. ಅದು ಮೇಲಿನ ಮತ್ತು ಕೆಳಗಿನ ಮಹಾ ಅಭಿಧಮನಿಗಳಿಂದ ಬಲ ಹೃತ್ಕರ್ಣಕ್ಕೆ ಬರುತ್ತದೆ. ತ್ರಿದಳ ಕವಾಟ ದಾಟಿ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ. ಬಲ ಹೃತ್ಕುಕ್ಷಿ ಹಿಂಡಿದಾಗ ತ್ರಿದಳ ಕವಾಟ ಮುಚ್ಚುತ್ತದೆ, ರಕ್ತ ಪುಪ್ಪುಸಕ ಅಪಧಮನಿಯಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲಜನಕ ಪಡೆದು, ಕಾರ್ಬನ್ ಡೈಆಕ್ಸೈಡ್ ಬಿಟ್ಟು, ನಾಲ್ಕು ಪುಪ್ಪುಸಕ ಅಭಿಧಮನಿಗಳಿಂದ ಎಡ ಹೃತ್ಕರ್ಣಕ್ಕೆ ಬರುತ್ತದೆ. ದ್ವಿದಳ ಕವಾಟ ದಾಟಿ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ. ಎಡ ಹೃತ್ಕುಕ್ಷಿ ಹಿಂಡಿದಾಗ ಮಹಾಪಧಮನಿಯಿಂದ ಇಡೀ ಮೈಗೆ ಹೋಗುತ್ತದೆ. ಎರಡು ಹೃತ್ಕುಕ್ಷಿಗಳೂ ಒಂದೇ ಸಮಯಕ್ಕೆ ಹಿಂಡುತ್ತವೆ."

ಎಕೋರೂಮ್

ಚೆನ್ನಾಗಿದೆ. ಮೊದಲ ಸಾಲು ಮಾತ್ರ ತಿದ್ದು. ಆಮ್ಲಜನಕ "ಇರುವುದಿಲ್ಲ" ಅಲ್ಲ, "ಕಡಿಮೆ ಇರುತ್ತದೆ". ಬೆರಳಿಗೆ ಕ್ಲಿಪ್ ಹಾಕಿ ನೋಡಿದಾಗ 97, 98 ಅಂತ ತೋರಿಸುತ್ತದಲ್ಲ, ಅದು ಮೈಗೆ ಹೋಗುವ ರಕ್ತದ್ದು. ವಿಶ್ರಾಂತಿಯಲ್ಲಿದ್ದಾಗ ವಾಪಸ್ ಬರುವ ರಕ್ತದಲ್ಲೂ ಅದು ಸುಮಾರು 75 ಇರುತ್ತದೆ. ಬಣ್ಣವೂ ನೀಲಿ ಅಲ್ಲ, ಗಾಢ ಕೆಂಪು. ಚಿತ್ರದಲ್ಲಿ ನೀಲಿ ಹಚ್ಚುವುದು ಗುರುತಿಗೆ ಅಷ್ಟೇ.

ಕುಂಚ_ಮತ್ತು_ಪೆನ್ಸಿಲ್

ಬಣ್ಣ ಹಚ್ಚುವುದಾದರೆ ಪುಪ್ಪುಸಕ ಅಪಧಮನಿಗೆ ನೀಲಿ, ಪುಪ್ಪುಸಕ ಅಭಿಧಮನಿಗಳಿಗೆ ಕೆಂಪು. ಅಭ್ಯಾಸಬಲದಿಂದ ಕೈ ಉಲ್ಟಾ ಹೋಗುತ್ತದೆ, ಹುಷಾರು. ಇನ್ನೊಂದು ವಿಷಯ: ತ್ರಿದಳ, ದ್ವಿದಳ ಕವಾಟಗಳ ಎಸಳು ಹೃತ್ಕುಕ್ಷಿಯ ಕಡೆಗೆ ಇಳಿಬಿದ್ದಿರಬೇಕು, ಅವುಗಳ ತುದಿಯಿಂದ ಸಣ್ಣ ದಾರಗಳು ಕೆಳಗಿನ ಗೋಡೆಗೆ. ಎಸಳು ಮೇಲ್ಮುಖ ಮಾಡಿದರೆ ನಿನ್ನ ಬಾಣಕ್ಕೂ ಕವಾಟಕ್ಕೂ ತಾಳೆಯಾಗುವುದಿಲ್ಲ.

ಪವನ್22

ದಾರ ಯಾಕೆ? ಎಸಳು ಇದ್ದರೆ ಸಾಲದಾ?

ಎಕೋರೂಮ್

ಹೃತ್ಕುಕ್ಷಿ ಹಿಂಡಿದಾಗ ಅಷ್ಟು ಒತ್ತಡಕ್ಕೆ ಎಸಳು ಹೃತ್ಕರ್ಣದ ಕಡೆಗೆ ಮಗುಚಿಬಿಡುತ್ತದೆ. ದಾರ ಅದನ್ನು ಹಿಡಿದು ನಿಲ್ಲಿಸುತ್ತದೆ. ದಾರ ತುಂಡಾದವರನ್ನು ನೋಡಿದ್ದೇನೆ, ಎಡಗಡೆ ರಕ್ತ ಹೃತ್ಕರ್ಣಕ್ಕೆ ವಾಪಸ್ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಾ ಬರುತ್ತಾರೆ. ಮಹಾನಾಳಗಳ ಬುಡದ ಕವಾಟಕ್ಕೆ ದಾರ ಇಲ್ಲ. ಅಲ್ಲಿ ಮೂರು ಪುಟ್ಟ ಜೇಬುಗಳಿವೆ. ವಾಪಸ್ ಜಾರುವ ರಕ್ತವೇ ಅವುಗಳಲ್ಲಿ ತುಂಬಿ ಬಾಗಿಲು ಮುಚ್ಚಿಸುತ್ತದೆ.

ಸಿಂಚನ10

ಮೊದಲ ಸಾಲು ತಿದ್ದಿದೆ. ಗೋಡೆ ದಪ್ಪವೂ ಸರಿ ಮಾಡಿದೆ. ಚಿತ್ರದಲ್ಲಿ ಆ ಜೇಬುಗಳನ್ನೂ ಬರೆದು ಹೆಸರು ಬರೆಯಬೇಕಾ ಸರ್? ಈಗಾಗಲೇ ಬಲಗಡೆ ಹೆಸರುಗಳ ಸಾಲು ಉದ್ದ ಆಗಿದೆ, ಗೆರೆಗಳು ಒಂದನ್ನೊಂದು ಕತ್ತರಿಸುತ್ತಿವೆ.

ಗಿರೀಶ_ಜೀವಶಾಸ್ತ್ರ

ಬರಿ, ಒಂದು ಕಡೆ ಹೆಸರು ಹಾಕಿದರೆ ಸಾಕು. ಗೆರೆ ಕತ್ತರಿಸದ ಹಾಗೆ ಬಲಭಾಗದ ಹೆಸರುಗಳನ್ನು ಹಾಳೆಯ ಎಡಕ್ಕೆ, ಎಡಭಾಗದ್ದನ್ನು ಬಲಕ್ಕೆ ಹಂಚು.

ಕುಂಚ_ಮತ್ತು_ಪೆನ್ಸಿಲ್

ನನ್ನ ಕೇಳಿದರೆ ಜೇಬು ಬೇಡ. ಆ ಜಾಗದಲ್ಲಿ ನಾಳಗಳು ದಾಟುವುದು ಚೊಕ್ಕವಾಗಿ ಕಾಣುವುದೇ ಮುಖ್ಯ. ಅಲ್ಲೇ ಕವಾಟವನ್ನೂ ತುರುಕಿದರೆ ಮಿಸ್‌ಗೆ ಮತ್ತೆ ಪ್ರಶ್ನಾರ್ಥಕ ಹಾಕಬೇಕು ಅನ್ನಿಸಬಹುದು.

ಸಿಂಚನ10

ಎರಡು ಚಿತ್ರ ಬರೆಯುತ್ತೇನೆ, ಒಂದರಲ್ಲಿ ಜೇಬು, ಒಂದರಲ್ಲಿ ಇಲ್ಲ. ಯಾವುದು ನೋಡಲು ಸರಿ ಕಾಣುತ್ತದೋ ಅದನ್ನೇ ನೋಟ್‌ಬುಕ್‌ಗೆ ಹಾಕುತ್ತೇನೆ. ಹಳೇ ಚಿತ್ರ ಮಾತ್ರ ಹರಿಯುವುದಿಲ್ಲ ಅಕ್ಕ, ಅದರ ಕೆಳಗೆ "ಮಹಾನಾಳಗಳು ಅದಲುಬದಲಾದ ಹೃದಯ" ಅಂತ ಬರೆದು ಇಟ್ಟುಕೊಳ್ಳುತ್ತೇನೆ.

ಎಕೋರೂಮ್

ಹಾಗಾದರೆ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ತೂತೂ ಬರಿ.